ಒಂದು ಎಸೆತಕ್ಕೆ ಎಷ್ಟು?

ಪರೀಕ್ಷೆ ಮುಗಿಯಿತು, ಕ್ರಿಕೆಟ್ ಶಿಬಿರಗಳ ಜಾಹೀರಾತು ಶುರುವಾಯಿತು. ಚಿತ್ರದ ಕೆಳಗಿನ ನಾಲ್ಕು ಸಾಲಿನಲ್ಲಿ ವಯಸ್ಸು, ಶುಲ್ಕ, ಟ್ರಯಲ್ಸ್ ದಿನ ಎಲ್ಲವೂ ಇವೆ. ಮಗುವಿಗೆ ದಿನಕ್ಕೆ ಎಷ್ಟು ಚೆಂಡು ಸಿಗುತ್ತದೆ ಎನ್ನುವುದೊಂದು ಇಲ್ಲ. ಆ ಲೆಕ್ಕವನ್ನು ಮನೆಯಲ್ಲೇ ಕೂತು ಹಾಕಬಹುದು.

ಏಪ್ರಿಲ್‌ನ ಎರಡನೇ ಶನಿವಾರ, ಬೆಳಿಗ್ಗೆ ಆರೂವರೆ. ಬೆಂಗಳೂರಿನ ಯಾವುದೋ ಬಡಾವಣೆಯ ಮೈದಾನದ ಗೇಟಿನ ಮುಂದೆ ಸ್ಕೂಟರುಗಳ ಸಾಲು. ಹುಡುಗನಷ್ಟೇ ಎತ್ತರದ ಕಿಟ್ ಬ್ಯಾಗನ್ನು ಅಪ್ಪ ಇಳಿಸುತ್ತಿದ್ದಾನೆ. ಅಮ್ಮ ಫೋನು ಹಿಡಿದು ಜಾಹೀರಾತಿನ ಚಿತ್ರವನ್ನು ದೊಡ್ಡದು ಮಾಡಿ ನೋಡುತ್ತಿದ್ದಾಳೆ: ಜನನ ಪ್ರಮಾಣಪತ್ರದ ಪ್ರತಿ ಒಂದೋ ಎರಡೋ? ಒಳಗೆ ಮ್ಯಾಟಿನ ಮೇಲೆ ಇನ್ನೂ ಇಬ್ಬನಿ. ಎದೆಗೆ ನಂಬರಿನ ಚೀಟಿ ಅಂಟಿಸಿಕೊಂಡ ಮಕ್ಕಳು ಪ್ಯಾಡು ಕಟ್ಟಿಕೊಂಡು ಕೂತಿದ್ದಾರೆ. ಒಬ್ಬೊಬ್ಬರಿಗೆ ಆರು ಚೆಂಡು. ಕೊನೆಯ ಚೆಂಡು ಬಲೆಗೆ ಬಡಿಯುವ ಹೊತ್ತಿಗೆ ಮುಂದಿನವನು ಎದ್ದು ನಿಂತಿರುತ್ತಾನೆ.

ಇವರೆಲ್ಲರನ್ನೂ ಇಲ್ಲಿಗೆ ಕರೆತಂದದ್ದು ಒಂದು ಚಿತ್ರದ ಅಡಿಬರಹ. ಹೆಲ್ಮೆಟ್ ತೊಟ್ಟ ಹುಡುಗನ ಕವರ್ ಡ್ರೈವ್, ಅದರ ಕೆಳಗೆ ನಾಲ್ಕು ಸಾಲು. ಮಾರ್ಚ್ ಕೊನೆಯಲ್ಲಿ ಇದು ಫ್ಲೆಕ್ಸಿನಿಂದ ಹಿಡಿದು ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪಿನವರೆಗೆ ಎಲ್ಲೆಡೆ ಓಡಾಡುತ್ತದೆ. ಅಂಥ ಹಲವಾರು ಅಡಿಬರಹಗಳ ಸರಾಸರಿಯಂತೆ ಒಂದನ್ನು ಇಲ್ಲಿ ನಾವೇ ಬರೆದುಕೊಳ್ಳೋಣ. ‘ಬೇಸಿಗೆ ಕ್ರಿಕೆಟ್ ಶಿಬಿರ. ಏಪ್ರಿಲ್ 13ರಿಂದ ಮೇ 8, ಸೋಮವಾರದಿಂದ ಶುಕ್ರವಾರ, ಬೆಳಿಗ್ಗೆ 6.30ರಿಂದ 8.30. ವಯೋಗುಂಪು: 10, 13 ಮತ್ತು 16 ವರ್ಷದೊಳಗಿನವರು. ಶುಲ್ಕ 7,500 ರೂಪಾಯಿ, ಟಿ-ಷರ್ಟ್ ಮತ್ತು ಟೋಪಿ ಸೇರಿ. ಟ್ರಯಲ್ಸ್: ಏಪ್ರಿಲ್ 11, ಶನಿವಾರ. ಸೀಮಿತ ಸ್ಥಳ.’

ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಶಿಬಿರದ ನಿಜವಾದ ಅಳತೆಯೂ ಇಲ್ಲ. ಕ್ರಿಕೆಟ್ಟನ್ನು ಕಲಿಯುವುದು ಚೆಂಡು ಆಡಿ, ಚೆಂಡು ಹಾಕಿ. ಈಜು ಕಲಿಯುವವನಿಗೆ ನೀರಿನೊಳಗಿನ ಹೊತ್ತು ಹೇಗೋ, ಕ್ರಿಕೆಟ್ ಕಲಿಯುವವನಿಗೆ ಎಸೆತ ಹಾಗೆ. ಆದ್ದರಿಂದ ಶುಲ್ಕವನ್ನು ತಿಂಗಳಿಗೆ ಇಷ್ಟು ಎಂದು ಓದುವ ಬದಲು ಎಸೆತಕ್ಕೆ ಇಷ್ಟು ಎಂದು ಓದಬೇಕು ಎಂಬುದು ಈ ಲೇಖನದ ವಾದ. ಹಾಗೆ ಓದತೊಡಗಿದರೆ ವಯೋಗುಂಪು, ಟ್ರಯಲ್ಸ್ ದಿನ ಇವುಗಳ ಅರ್ಥವೂ ಬೇರೆಯಾಗುತ್ತದೆ.

ಏಳೂವರೆ ಸಾವಿರವನ್ನು ಭಾಗಿಸಿದಾಗ

ನಾಲ್ಕು ವಾರ, ವಾರಕ್ಕೆ ಐದು ದಿನ, ಅಂದರೆ 20 ದಿನ. ದಿನಕ್ಕೆ ಎರಡು ಗಂಟೆ. ಕೇಳಲು ಧಾರಾಳವಾಗಿದೆ. ಆದರೆ ಎರಡು ಗಂಟೆಯೂ ನೆಟ್ಸ್ ಅಲ್ಲ. ಹಾಜರಿ, ಮೈದಾನದ ಸುತ್ತ ಓಟ, ವಾರ್ಮ್-ಅಪ್‌ಗೆ ಅರ್ಧ ಗಂಟೆ. ಕ್ಯಾಚು, ಫೀಲ್ಡಿಂಗ್‌ಗೆ ಇನ್ನೊಂದು ಇಪ್ಪತ್ತು ನಿಮಿಷ. ನೀರು ಕುಡಿದು ಪ್ಯಾಡು ಕಟ್ಟಿಕೊಳ್ಳಲು ಹತ್ತು ನಿಮಿಷ. ಉಳಿಯುವುದು ಒಂದು ಗಂಟೆ. ಶಿಬಿರದಲ್ಲಿ 60 ಮಕ್ಕಳು, ಮೂರು ನೆಟ್ಸ್ ಇವೆ ಎನ್ನಿ. ಒಂದು ನೆಟ್ಸಿಗೆ 20 ಮಕ್ಕಳು, ಒಬ್ಬರ ಸರದಿ ಮೂರು ನಿಮಿಷ. ಸಾಲಾಗಿ ನಿಂತು ಚೆಂಡು ಹಾಕುವ ನೆಟ್ಸಿನಲ್ಲಿ ಸುಮಾರು 15 ಸೆಕೆಂಡಿಗೆ ಒಂದು ಎಸೆತ ಬೀಳುತ್ತದೆ, ನಿಮಿಷಕ್ಕೆ ನಾಲ್ಕು. ಅಲ್ಲಿಗೆ ಮಗು ಒಂದು ದಿನಕ್ಕೆ ಆಡುವುದು 12 ಚೆಂಡು. ಇಡೀ ಶಿಬಿರಕ್ಕೆ 240. ಏಳೂವರೆ ಸಾವಿರವನ್ನು 240ರಿಂದ ಭಾಗಿಸಿದರೆ ಒಂದು ಎಸೆತದ ಬೆಲೆ 31 ರೂಪಾಯಿ.

ಪಕ್ಕದ ಬಡಾವಣೆಯ ಇನ್ನೊಂದು ಶಿಬಿರ 10,000 ರೂಪಾಯಿ ಕೇಳುತ್ತದೆ. ಟೋಪಿಯನ್ನೂ ಕೊಡುವುದಿಲ್ಲ. ಆದರೆ ಅಲ್ಲಿ ಅಷ್ಟೇ ಮೂರು ನೆಟ್ಸಿಗೆ 24 ಮಕ್ಕಳು. ಒಂದು ನೆಟ್ಸಿಗೆ ಎಂಟು, ಸರದಿ ಏಳೂವರೆ ನಿಮಿಷ, ದಿನಕ್ಕೆ 30 ಚೆಂಡು, ಶಿಬಿರಕ್ಕೆ 600. ಎಸೆತಕ್ಕೆ 17 ರೂಪಾಯಿಯೂ ಆಗಲಿಲ್ಲ. ಅಡಿಬರಹದಲ್ಲಿ ದುಬಾರಿಯಾಗಿ ಕಂಡ ಶಿಬಿರ ಮ್ಯಾಟಿನ ಮೇಲೆ ಅಗ್ಗ. ಬೌಲಿಂಗಿಗೂ ಇದೇ ಲೆಕ್ಕ ಹೊಂದುತ್ತದೆ. ಮಕ್ಕಳು ಆಡುವ ಚೆಂಡನ್ನು ಮಕ್ಕಳೇ ಹಾಕುತ್ತಾರಾದ್ದರಿಂದ ಮೊದಲ ಶಿಬಿರದಲ್ಲಿ ಒಬ್ಬನಿಗೆ ದಿನಕ್ಕೆ ಎರಡೇ ಓವರ್, ಎರಡನೆಯದರಲ್ಲಿ ಐದು.

ಇಷ್ಟು ಲೆಕ್ಕಕ್ಕೆ ಬೇಕಾದದ್ದು ಎರಡು ಸಂಖ್ಯೆ: ಗರಿಷ್ಠ ಎಷ್ಟು ಮಕ್ಕಳನ್ನು ಸೇರಿಸಿಕೊಳ್ಳುತ್ತಾರೆ, ಎಷ್ಟು ನೆಟ್ಸ್ ಇವೆ. ‘ಸೀಮಿತ ಸ್ಥಳ’ ಎಂದು ಬರೆಯುವವರು ಆ ಸೀಮೆ ಎಷ್ಟು ಎಂದು ಮಾತ್ರ ಬರೆಯುವುದಿಲ್ಲ. ನೆಟ್ಸಿನ ಸಂಖ್ಯೆ ಮೈದಾನದಲ್ಲಿ ಕಣ್ಣಿಗೇ ಕಾಣುತ್ತದೆ.

ಬಲ್ಲ ಕೋಚ್ ಒಬ್ಬರು ಇಲ್ಲಿ ಆಕ್ಷೇಪ ಎತ್ತಬಹುದು. ತಪ್ಪಾಗಿ ಆಡಿದ ನೂರು ಚೆಂಡಿಗಿಂತ ಸರಿಯಾಗಿ ಆಡಿದ ಹನ್ನೆರಡು ಮೇಲು. ಎಣಿಸುವುದು ಬಿಟ್ಟು ಗುಣ ನೋಡಿ. ಮಾತು ನಿಜ. ಆದರೆ ಸರಿಯೋ ತಪ್ಪೋ ಎಂದು ಹೇಳಲು ಯಾರಾದರೂ ನೋಡುತ್ತಿರಬೇಕಲ್ಲ. ಅರವತ್ತು ಮಕ್ಕಳಿಗೆ ಮೂವರು ಕೋಚ್‌ಗಳಿದ್ದರೆ, ನೆಟ್ಸಿನ ಗಂಟೆಯಲ್ಲಿ ಒಬ್ಬ ಮಗುವಿನ ಮೇಲೆ ಕೋಚ್ ಕಣ್ಣು ಇಡಬಹುದಾದದ್ದು ಅದೇ ಮೂರು ನಿಮಿಷ, ಅದೂ ಆ ಹೊತ್ತಿನಲ್ಲಿ ಬೌಲ್ ಮಾಡುವವರ ಕಡೆ ಒಮ್ಮೆಯೂ ತಿರುಗದಿದ್ದರೆ. ಗುಣದ ವಾದ ಭಾಗಾಕಾರದಿಂದ ತಪ್ಪಿಸಿಕೊಳ್ಳುವುದಿಲ್ಲ, ಭಾಜಕ ಬದಲಾಗುತ್ತದೆ ಅಷ್ಟೆ.

ಆದರೂ ಆಕ್ಷೇಪದಲ್ಲಿ ಒಂದು ತಿರುಳಿದೆ. ಹತ್ತು ವರ್ಷದ ಮಗು ಹಾಕಿದ ಹನ್ನೆರಡು ಚೆಂಡಿನಲ್ಲಿ ಬ್ಯಾಟಿಗೆ ಎಟುಕುವುದು ಎಷ್ಟು? ಅರ್ಧ ವೈಡ್ ಹೋದರೂ ಆಶ್ಚರ್ಯವಿಲ್ಲ. ಹಾಗಾಗಿಯೇ ಒಳ್ಳೆಯ ಕೋಚ್ ಚಿಕ್ಕವರಿಗೆ ಹತ್ತಿರದಿಂದ ಥ್ರೋಡೌನ್ ಕೊಡುತ್ತಾನೆ, ಒಂದೇ ಜಾಗಕ್ಕೆ ಒಂದೇ ಹೊಡೆತಕ್ಕಾಗಿ ಹತ್ತಾರು ಸಲ. ಇದು ಮಕ್ಕಳಾಟದ ವಿದ್ಯೆಯೇನಲ್ಲ. ಭಾರತ ತಂಡದ ಬ್ಯಾಟರುಗಳಿಗೆ ವರ್ಷಗಟ್ಟಲೆ ಸೈಡ್‌ಆರ್ಮ್‌ನಿಂದ ಚೆಂಡು ಎಸೆದು ಹೆಸರಾದ ರಾಘವೇಂದ್ರ, ಎಲ್ಲರ ಬಾಯಲ್ಲಿ ರಘು, ನಮ್ಮ ಕುಮಟಾದವರು. ನಿಮ್ಮ ಬಡಾವಣೆಯ ಶಿಬಿರದಲ್ಲಿ ಥ್ರೋಡೌನಿಗೆಂದೇ ಒಬ್ಬರು ನಿಂತಿದ್ದರೆ, ನೆಟ್ಸಿನ ಹೊರಗೂ ಮಗುವಿಗೆ ಎಸೆತ ಸಿಗುತ್ತದೆ, ನಮ್ಮ 31 ರೂಪಾಯಿ ತಟ್ಟನೆ ಇಳಿಯುತ್ತದೆ.

ಎಂಟು ವರ್ಷದವನಿಗೆ 22 ಗಜ

ಈಗ ವಯೋಗುಂಪು. ಅಡಿಬರಹ ಓದುವ ಅಪ್ಪ-ಅಮ್ಮ ಇದನ್ನು ಪ್ರವೇಶದ ಷರತ್ತು ಎಂದುಕೊಳ್ಳುತ್ತಾರೆ: ನಮ್ಮವನಿಗೆ ಎಂಟು, ಹತ್ತರೊಳಗಿನ ಗುಂಪಿಗೆ ಸೇರುತ್ತಾನೆ, ಸರಿ. ಆದರೆ ವಯೋಗುಂಪು ನಿಜವಾಗಿ ಸಲಕರಣೆಯ ಮಾತು. ಗುಂಪು ಬೇರೆಯಾದರೆ ಚೆಂಡು ಬೇರೆಯಾಗಬೇಕು, ಪಿಚ್ಚಿನ ಉದ್ದ ಬೇರೆಯಾಗಬೇಕು. ಅವೆರಡೂ ಬದಲಾಗದೆ ಬರೀ ಸಾಲು ಬೇರೆ ಮಾಡಿದರೆ ಅದು ಹಾಜರಿ ಪುಸ್ತಕದ ಅನುಕೂಲ.

ಪೂರ್ಣ ಪಿಚ್ 22 ಗಜ, ಅಂದರೆ 20.12 ಮೀಟರ್. ಎಂಟು ವರ್ಷದ ಮಗು ಆ ತುದಿಯಿಂದ ಚೆಂಡನ್ನು ಈ ತುದಿಗೆ ತಲುಪಿಸಲು ಎರಡೇ ದಾರಿ: ಆಕಾಶಕ್ಕೆ ಎತ್ತಿ ಬಿಡುವುದು, ಇಲ್ಲವೇ ಎರಡು ಪುಟ ಕೊಡುವುದು. ತಲುಪಿಸಲೇಬೇಕೆಂಬ ಹಟಕ್ಕೆ ಮೈ ಪಕ್ಕಕ್ಕೆ ವಾಲುತ್ತದೆ, ಕೈ ಬಾಗುತ್ತದೆ, ಬೌಲಿಂಗ್ ಹೋಗಿ ಥ್ರೋ ಆಗುತ್ತದೆ. ಈ ತುದಿಯಲ್ಲಿರುವವನು ತೇಲಿ ಬರುವ ಚೆಂಡಿಗೆ ಕಾದು ಕಾದು ಲೆಗ್ ಸೈಡಿಗೆ ಅಡ್ಡ ಬೀಸುತ್ತಾನೆ. ಬ್ಯಾಟಿಗೆ ಸಿಕ್ಕರೆ ಶಹಬ್ಬಾಸ್ ಸಿಗುತ್ತದೆ. ಹೀಗೆ 240 ಚೆಂಡಿನಲ್ಲಿ ಇಬ್ಬರೂ ಕಲಿತದ್ದನ್ನು ಮರೆಸಲು ಮುಂದಿನ ಕೋಚ್ ಒಂದು ವರ್ಷ ಹೆಣಗುತ್ತಾನೆ. ಆಸ್ಟ್ರೇಲಿಯಾದ ಕ್ರಿಕೆಟ್ ಮಂಡಳಿ ಇದನ್ನು ಮನಗಂಡೇ ಮಕ್ಕಳ ಪಂದ್ಯದ ಮೊದಲ ಹಂತಕ್ಕೆ 16 ಮೀಟರ್, ಎರಡನೆಯ ಹಂತಕ್ಕೆ 18 ಮೀಟರ್ ಪಿಚ್ ಇಟ್ಟಿತು. ಆಡುವವರ ಸಂಖ್ಯೆಯನ್ನೂ ಹನ್ನೊಂದರಿಂದ ಏಳು ಮತ್ತು ಒಂಬತ್ತಕ್ಕೆ ಇಳಿಸಿತು. ನಮ್ಮಲ್ಲಿ ಇದಕ್ಕೆ ಖರ್ಚೇನೂ ಇಲ್ಲ. ನಾಲ್ಕು ಹೆಜ್ಜೆ ಮುಂದೆ ಒಂದು ಸುಣ್ಣದ ಗೆರೆ ಎಳೆದರೆ ಸಾಕು.

> ಚೆಂಡಿಗೂ ವಯಸ್ಸುಂಟು
> ಪುರುಷರ ಪಂದ್ಯದ ಚೆಂಡು 155.9ರಿಂದ 163 ಗ್ರಾಂ. ಮಹಿಳೆಯರದು 140ರಿಂದ 151 ಗ್ರಾಂ. ಹದಿಮೂರರೊಳಗಿನವರಿಗೆ ನಿಯಮ ಪುಸ್ತಕ ಹೇಳುವುದು 133ರಿಂದ 144 ಗ್ರಾಂ, ಗಾತ್ರದಲ್ಲೂ ಚಿಕ್ಕದು. ಶಿಬಿರದ ಬುಟ್ಟಿಯಲ್ಲಿ ಎಲ್ಲ ವಯಸ್ಸಿನವರಿಗೂ ಒಂದೇ ಚೆಂಡು ಕಂಡರೆ ಕೇಳಿ. ಬಾಲಕಿಯರ ಗುಂಪು ಇದ್ದರೆ ಇನ್ನೊಮ್ಮೆ ಕೇಳಿ.

ಬ್ಯಾಟಿನ ವಿಷಯದಲ್ಲಿ ತಪ್ಪು ಹೆಚ್ಚಾಗಿ ಮನೆಯದು. ಶಾಲೆಯ ಸಮವಸ್ತ್ರದ ಹಾಗೆ, ಬ್ಯಾಟನ್ನೂ ‘ಮುಂದಿನ ವರ್ಷಕ್ಕೂ ಬರಲಿ’ ಎಂದು ಒಂದು ಸೈಜು ದೊಡ್ಡದೇ ಕೊಳ್ಳುವ ಸಂಪ್ರದಾಯ ನಮ್ಮದು. ಭಾರದ ಬ್ಯಾಟನ್ನು ಎತ್ತಲು ಕೆಳಗಿನ ಕೈ ಬಿಗಿಯುತ್ತದೆ, ಮೇಲಿನ ಕೈ ಸುಮ್ಮನಾಗುತ್ತದೆ, ನೇರ ಬರಬೇಕಾದ ಬ್ಯಾಟು ಅಡ್ಡ ಬರುತ್ತದೆ. ಉದ್ದದ ಪ್ಯಾಂಟನ್ನು ಮಡಚಿ ಹೊಲಿಸಬಹುದು, ಬ್ಯಾಟನ್ನು ಆಗದು.

ವಯೋಗುಂಪಿನಲ್ಲಿ ಇನ್ನೊಂದು ತೊಡಕಿದೆ, ಅದು ದಿನಾಂಕದ್ದು. ‘13ರೊಳಗೆ’ ಎಂದರೆ ಯಾವ ದಿನಕ್ಕೆ 13? ಬಿಸಿಸಿಐ ತನ್ನ ವಯೋಮಿತಿಯ ಟೂರ್ನಿಗಳಿಗೆ ಸೆಪ್ಟೆಂಬರ್ 1ನ್ನು ಗಡಿಯಾಗಿ ಇಟ್ಟುಕೊಂಡಿದೆ. ಶಿಬಿರಗಳು ಕೆಲವು ಅದನ್ನು ಹಿಡಿಯುತ್ತವೆ, ಕೆಲವು ಶಿಬಿರ ಶುರುವಾಗುವ ದಿನವನ್ನು, ಕೆಲವು ಶಾಲೆಯ ತರಗತಿಯನ್ನು. ಗಡಿ ಯಾವುದಾದರೂ ಇರಲಿ, ಅದರ ಮಾರನೇ ದಿನ ಹುಟ್ಟಿದವನಿಗೂ ಮುಂದಿನ ವರ್ಷದ ಗಡಿಯ ಹಿಂದಿನ ದಿನ ಹುಟ್ಟಿದವನಿಗೂ ಒಂದೇ ಗುಂಪಿನೊಳಗೆ ಹೆಚ್ಚುಕಡಿಮೆ ಒಂದು ವರ್ಷದ ಅಂತರ ಬೀಳುತ್ತದೆ. ನಮ್ಮ ಅಡಿಬರಹದಲ್ಲಿ 10ರಿಂದ ನೇರ 13ಕ್ಕೆ ನೆಗೆತ, ಹಾಗಾಗಿ ಅಂತರ ಮೂರು ವರ್ಷದವರೆಗೆ ಹೋಗುತ್ತದೆ. ಆ ವಯಸ್ಸಿನಲ್ಲಿ ಮೂರು ವರ್ಷವೆಂದರೆ ಒಂದು ಅಡಿ ಎತ್ತರವೇ ಆಗಬಹುದು. ಹತ್ತು ತುಂಬಿದ ಮಾರನೇ ದಿನ ಹುಡುಗ ಇದ್ದಕ್ಕಿದ್ದಂತೆ ಗುಂಪಿನ ದೊಡ್ಡಣ್ಣನ ಸ್ಥಾನದಿಂದ ಕೊನೆಯ ತಮ್ಮನ ಸ್ಥಾನಕ್ಕೆ ಇಳಿಯುತ್ತಾನೆ. ಅವನ ಆಟ ಒಂದು ಕೂದಲೆಳೆಯಷ್ಟೂ ಕೆಟ್ಟಿರುವುದಿಲ್ಲ.

> ಮೂಳೆ ಹೇಳುವ ವಯಸ್ಸು
> ಕಾಗದದ ವಯಸ್ಸನ್ನು ನಂಬಲಾಗದೆ ಬಿಸಿಸಿಐ 2012ರಿಂದ ಎಡಗೈ ಮತ್ತು ಮಣಿಕಟ್ಟಿನ ಎಕ್ಸ್‌ರೇ ನೋಡಿ ಮೂಳೆಯ ಬೆಳವಣಿಗೆ ಅಳೆಯುವ ಟಿಡಬ್ಲ್ಯೂ3 ವಿಧಾನವನ್ನು 16ರೊಳಗಿನ ಬಾಲಕರಿಗೆ ಬಳಸುತ್ತಿದೆ. 2015ರ ಪಟೌಡಿ ಸ್ಮಾರಕ ಉಪನ್ಯಾಸದಲ್ಲಿ ರಾಹುಲ್ ದ್ರಾವಿಡ್ ವಯಸ್ಸು ಮುಚ್ಚಿಡುವುದನ್ನು ಭ್ರಷ್ಟಾಚಾರದ ಸಾಲಿಗೇ ಸೇರಿಸಿದ್ದರು.

ಸರಾಸರಿ ಎಸೆತದ ನಮ್ಮ ಲೆಕ್ಕ ಒಂದು ಅಪಾಯವನ್ನು ಮುಚ್ಚಿಬಿಡುತ್ತದೆ ಎಂಬುದನ್ನೂ ಇಲ್ಲಿಯೇ ಹೇಳಬೇಕು. ನೆಟ್ಸಿನಲ್ಲಿ ಎಲ್ಲರೂ ಸಮನಾಗಿ ಚೆಂಡು ಹಾಕುವುದಿಲ್ಲ. ಹದಿನಾಲ್ಕರ ಎತ್ತರದ ಹುಡುಗನೊಬ್ಬ ವೇಗವಾಗಿ, ನೇರವಾಗಿ ಹಾಕುತ್ತಾನೆ ಎಂದು ಗೊತ್ತಾದ ಕೂಡಲೇ ಅವನೇ ಎಲ್ಲರಿಗೂ ಬೌಲರ್. ಉಳಿದವರು ಎರಡು ಓವರ್ ಹಾಕುವ ಹೊತ್ತಿಗೆ ಅವನದು ಹತ್ತು ಆಗಿರುತ್ತದೆ, ಅದೂ ವಾರಕ್ಕೆ ಐದು ದಿನ. ರಜೆಯ ಮುಂಚೆ ಪರೀಕ್ಷೆಗೆ ಕೂತಿದ್ದ ಮೈ ಅದು. ಬೆಳೆಯುವ ವಯಸ್ಸಿನ ವೇಗಿಗಳಿಗೆ ಸೊಂಟದ ಕೆಳಭಾಗದ ಬೆನ್ನುಮೂಳೆಯಲ್ಲಿ ಕೂದಲೆಳೆ ಬಿರುಕು ಬರುವುದು ಹೀಗೆ. ಇಂಗ್ಲೆಂಡಿನ ಮಂಡಳಿ ವರ್ಷಗಟ್ಟಲೆ ಪಾಲಿಸಿದ ಮಿತಿಯ ಪ್ರಕಾರ 13ರೊಳಗಿನ ವೇಗಿ ಒಂದು ಸ್ಪೆಲ್ಲಿಗೆ 5 ಓವರ್, ದಿನಕ್ಕೆ 10. 14 ಮತ್ತು 15ರವರು 6 ಮತ್ತು 12, ಅದೂ ಪಂದ್ಯದಲ್ಲಿ. ಪ್ರತಿದಿನದ ಅಭ್ಯಾಸಕ್ಕೆ ಅದಕ್ಕಿಂತ ಕಡಿಮೆ. ಗುರುತು ಹಿಡಿಯುವುದು ಕಷ್ಟವಲ್ಲ: ನೋವು ಸೊಂಟದ ಒಂದೇ ಪಕ್ಕ, ಸಾಮಾನ್ಯವಾಗಿ ಚೆಂಡು ಹಾಕುವ ಕೈಯ ಎದುರು ಬದಿ, ಹಿಂದಕ್ಕೆ ಬಾಗಿದರೆ ಜಾಸ್ತಿ. ಇದಕ್ಕೆ ಮುಲಾಮು ಹಚ್ಚಿ ಮಾರನೇ ದಿನ ಕಳಿಸಬಾರದು, ವೈದ್ಯರಿಗೆ ತೋರಿಸಬೇಕು.

ಆರು ಚೆಂಡಿನ ಪರೀಕ್ಷೆ

ಟ್ರಯಲ್ಸ್ ಎಂಬ ಪದಕ್ಕೆ ನಮ್ಮಲ್ಲಿ ದೊಡ್ಡ ತೂಕ. ರಾಜ್ಯ ತಂಡದ ಆಯ್ಕೆಗೂ ಅದೇ ಪದ, ಬಡಾವಣೆಯ ಶಿಬಿರಕ್ಕೂ ಅದೇ ಪದ. ಈ ಎರಡನ್ನು ಬೇರೆ ಮಾಡುವ ಸುಲಭ ಉಪಾಯ ದಿನಾಂಕದಲ್ಲಿದೆ. ನಮ್ಮ ಮಾದರಿಯಲ್ಲಿ ಟ್ರಯಲ್ಸ್ ಶನಿವಾರ, ಶಿಬಿರ ಸೋಮವಾರ. ನಡುವೆ ಭಾನುವಾರ ಒಂದೇ. ಟಿ-ಷರ್ಟುಗಳು ಆಗಲೇ ಅಚ್ಚಾಗಿ ಬಂದಿವೆ, ಶುಲ್ಕವೂ ಬಹುಪಾಲು ಬಂದಿದೆ. ಅಂಥ ಟ್ರಯಲ್ಸಿನಲ್ಲಿ ಯಾರೂ ಅನುತ್ತೀರ್ಣರಾಗುವುದಿಲ್ಲ. ಶುಲ್ಕ ಕಟ್ಟಿದ ಮೇಲಿನದು ಗುಂಪು ವಿಂಗಡಣೆ, ಕಟ್ಟುವ ಮೊದಲಿನದು ಆಯ್ಕೆ. ವಿಂಗಡಣೆಯಲ್ಲಿ ತಪ್ಪೇನಿಲ್ಲ, ಬೇಕಾದದ್ದೇ. ಅದನ್ನು ಆಯ್ಕೆ ಎಂದು ಮಾರಿ, ‘ನಿಮ್ಮ ಮಗ ಸೆಲೆಕ್ಟ್ ಆಗಿದ್ದಾನೆ’ ಎಂದು ಫೋನ್ ಮಾಡುವುದು ಬೇರೆ ವಿಷಯ. ಕಳೆದ ವರ್ಷ ಎಷ್ಟು ಜನರನ್ನು ಬೇಡ ಎಂದಿರಿ, ಅವರ ಹಣ ವಾಪಸು ಹೋಯಿತೇ ಎಂದು ಕೇಳಿದರೆ ಯಾವುದೆಂದು ಗೊತ್ತಾಗುತ್ತದೆ.

ನಿಜವಾದ ಆಯ್ಕೆಯೇ ಆದರೂ ಆರು ಚೆಂಡು ಸಾಲದು. ಇಬ್ಬರು ಹುಡುಗರನ್ನು ಊಹಿಸಿಕೊಳ್ಳಿ. ಮೊದಲನೆಯವನು ನಾಲ್ಕು ಚೆಂಡಿಗೆ ಒಂದನ್ನು ತಪ್ಪಾಗಿ ಆಡುವವನು, ಎರಡನೆಯವನು ಎರಡಕ್ಕೆ ಒಂದನ್ನು. ಮೊದಲನೆಯವನು ಸ್ಪಷ್ಟವಾಗಿ ಮೇಲು. ಆರರಲ್ಲಿ ಒಂದಕ್ಕಿಂತ ಹೆಚ್ಚು ತಪ್ಪಿದರೆ ಮನೆಗೆ ಎಂಬ ನಿಯಮವಿಟ್ಟರೆ ಸಂಭವನೀಯತೆಯ ಲೆಕ್ಕದಲ್ಲಿ ಆ ಮೇಲಾದ ಹುಡುಗನೇ ನೂರರಲ್ಲಿ 47 ಸಲ ಹೊರಬೀಳುತ್ತಾನೆ. ನಾಣ್ಯ ಚಿಮ್ಮಿದ ಹಾಗೆಯೇ ಆಯಿತು. ಎರಡನೆಯವನು ನೂರರಲ್ಲಿ 11 ಸಲ ಪಾಸಾಗಿಬಿಡುತ್ತಾನೆ. ಅದೇ ಇಬ್ಬರಿಗೆ 24 ಚೆಂಡು ಕೊಟ್ಟು ಎಂಟು ತಪ್ಪಿನವರೆಗೆ ಸೈರಿಸಿದರೆ ಒಳ್ಳೆಯವನು ಹೊರಬೀಳುವುದು ನೂರರಲ್ಲಿ 12 ಸಲ ಮಾತ್ರ, ಇನ್ನೊಬ್ಬ ನುಸುಳುವುದು 8 ಸಲ. ಇಪ್ಪತ್ತನಾಲ್ಕು ಚೆಂಡಿಗೆ ಬೇಕಾದದ್ದು ಆರು ನಿಮಿಷ. ನಾಲ್ಕು ನೆಟ್ಸಿದ್ದರೆ ನಾಲ್ಕು ಗಂಟೆಯಲ್ಲಿ 160 ಮಕ್ಕಳನ್ನು ಹೀಗೆ ನೋಡಬಹುದು.

ಅನುಭವಿ ಆಯ್ಕೆಗಾರನಿಗೆ ನಿಂತ ಭಂಗಿ ನೋಡಿದರೇ ತಿಳಿಯುತ್ತದೆ, ಆರು ಚೆಂಡೂ ಬೇಡ ಎನ್ನುವವರಿದ್ದಾರೆ. ಅವರು ತಪ್ಪದೆ ಹೇಳುವ ಉದಾಹರಣೆ ದ್ರಾವಿಡ್. ಚಿನ್ನಸ್ವಾಮಿ ಕ್ರೀಡಾಂಗಣದ ಬೇಸಿಗೆ ಶಿಬಿರದಲ್ಲಿ ಆ ಹುಡುಗನನ್ನು ಕೇಕಿ ತಾರಾಪೋರ್ ಗುರುತಿಸಿದ್ದು ನಿಜ. ಆದರೆ ಅದು ಶಿಬಿರದಲ್ಲಿ ಗುರುತಿಸಿದ್ದು. ಟ್ರಯಲ್ಸ್ ಎಂದರೆ ಒಂದು ಬೆಳಿಗ್ಗೆ, ಶಿಬಿರ ಎಂದರೆ ದಿನಾ ಬೆಳಿಗ್ಗೆ. ತಾರಾಪೋರರ ಕಣ್ಣಿಗೆ ಒಂದೇ ಹುಡುಗ ಮತ್ತೆ ಮತ್ತೆ ಬಿದ್ದ. ಉದಾಹರಣೆ ನಮ್ಮ ವಾದವನ್ನೇ ಬಲಪಡಿಸುತ್ತದೆ: ಕಣ್ಣು ಎಷ್ಟೇ ಚುರುಕಾಗಿರಲಿ, ಅದಕ್ಕೂ ಎಸೆತ ಬೇಕು.

ರಾಜ್ಯ ತಂಡದ ದಾರಿ ಬೇರೆಯೇ ಇದೆ ಎಂಬುದನ್ನೂ ನೆನಪಿಡಬೇಕು. ಕೆಎಸ್‌ಸಿಎಯ ಅಂತರಶಾಲಾ ಟೂರ್ನಿ, ಕ್ಲಬ್ಬುಗಳ ಲೀಗ್, ಬೆಂಗಳೂರಿನ ಹೊರಗಿನವರಿಗೆ ಮೈಸೂರು, ಧಾರವಾಡ, ರಾಯಚೂರು, ತುಮಕೂರು, ಶಿವಮೊಗ್ಗ, ಮಂಗಳೂರು ವಲಯಗಳ ಪಂದ್ಯಗಳು. ಅಲ್ಲಿ ಗಳಿಸಿದ ರನ್ನು, ವಿಕೆಟ್ಟು ಲೆಕ್ಕಕ್ಕೆ ಬರುತ್ತವೆ. ಶಿಬಿರದ ಪ್ರಮಾಣಪತ್ರ ಬರುವುದಿಲ್ಲ. ಅಕಾಡೆಮಿಗೆ ಲೀಗಿನಲ್ಲಿ ಆಡುವ ಕ್ಲಬ್ಬಿನ ನಂಟಿದ್ದರೆ ಅದು ಲಾಭವೇ, ಆದರೆ ಆ ಲಾಭ ಸಿಗುವುದು ಜೂನ್ ಮೇಲೂ ಉಳಿದು ಆಡುವವರಿಗೆ.

ಬರೀ ಆಟವಾಡಲಿ ಬಿಡಿ ಎನ್ನುವವರಿಗೆ

ಗಂಭೀರವಾದ ಆಕ್ಷೇಪ ಇನ್ನೊಂದಿದೆ. ಎಲ್ಲ ಮಕ್ಕಳೂ ದ್ರಾವಿಡ್ ಆಗಲು ಹೋಗುವುದಿಲ್ಲ. ಮೊಬೈಲು ಕೆಳಗಿಡಲಿ, ಬೇಗ ಏಳಲಿ, ನಾಲ್ಕು ಗೆಳೆಯರಾಗಲಿ, ಅಷ್ಟಕ್ಕೆ ಏಳೂವರೆ ಸಾವಿರ. ಎಸೆತ ಎಣಿಸಿ ಮಗುವಿನ ರಜೆಯನ್ನೂ ಟ್ಯೂಷನ್ ಮಾಡಬೇಡಿ. ಒಪ್ಪಬಹುದಾದ ಮಾತು. ಆದರೆ ಮೂರು ನಿಮಿಷ ಆಡಿ 57 ನಿಮಿಷ ಸಾಲಿನಲ್ಲಿ ನಿಲ್ಲುವುದು ಆಟವೂ ಅಲ್ಲ, ಪಾಠವೂ ಅಲ್ಲ. ಮಕ್ಕಳು ಎರಡನೇ ವಾರಕ್ಕೆ ಹೊಟ್ಟೆನೋವು ಎನ್ನತೊಡಗುವುದು ಹೆಚ್ಚಾಗಿ ಇಂಥ ಶಿಬಿರಗಳಲ್ಲಿ. ಮೋಜೇ ಗುರಿಯಾದರೆ ಟೆನಿಸ್ ಚೆಂಡು, ಏಳೇಳು ಜನರ ಎರಡು ತಂಡ, ದಿನಾ ಒಂದು ಪಂದ್ಯ ಇರುವ ಶಿಬಿರ ಹುಡುಕಿ. ಅಲ್ಲಿ ಟ್ರಯಲ್ಸ್ ಬೇಕಾಗುವುದಿಲ್ಲ, ಹೆಲ್ಮೆಟ್ಟಿನ ಖರ್ಚೂ ಇಲ್ಲ, ಎಸೆತಗಳಂತೂ ಹೆಚ್ಚೇ ಸಿಗುತ್ತವೆ.

ಅಕಾಡೆಮಿಯವರ ಕಡೆಯಿಂದಲೂ ನೋಡಬೇಕು. ಮೈದಾನದ ಬಾಡಿಗೆ, ಮ್ಯಾಟು, ಬಲೆ, ದಿನಾ ಸಿಪ್ಪೆ ಏಳುವ ಚರ್ಮದ ಚೆಂಡು, ಕೋಚ್‌ಗಳ ಸಂಬಳ ಎಲ್ಲವೂ ವರ್ಷವಿಡೀ ಇರುವ ಖರ್ಚು. ಕೈತುಂಬ ಮಕ್ಕಳು ಬರುವುದು ಏಪ್ರಿಲ್-ಮೇನಲ್ಲಿ ಮಾತ್ರ. ಮಕ್ಕಳನ್ನು ಹೆಚ್ಚು ಸೇರಿಸಿಕೊಳ್ಳುವ ಒತ್ತಡ ದುರಾಸೆಯೇ ಆಗಬೇಕಿಲ್ಲ. ಆದರೆ ಅರವತ್ತು ಮಕ್ಕಳನ್ನೇ ಇಟ್ಟುಕೊಂಡು ಎಸೆತ ಹೆಚ್ಚಿಸುವ ದಾರಿಯೂ ಇದೆ. ಇಪ್ಪತ್ತು ಇಪ್ಪತ್ತರ ಮೂರು ಗುಂಪು ಮಾಡಿ. ಒಂದು ಗುಂಪು ನೆಟ್ಸಿನಲ್ಲಿ, ಒಂದು ಫೀಲ್ಡಿಂಗಿನಲ್ಲಿ, ಒಂದು ಥ್ರೋಡೌನ್ ಮತ್ತು ಓಟದಲ್ಲಿ. ಅರ್ಧ ಗಂಟೆಗೊಮ್ಮೆ ಅದಲುಬದಲು. ಆಗ ಒಂದು ನೆಟ್ಸಿಗೆ ಏಳು ಮಕ್ಕಳು, ಸರದಿ ನಾಲ್ಕು ನಿಮಿಷ ದಾಟುತ್ತದೆ, ದಿನಕ್ಕೆ 17 ಚೆಂಡು. ಥ್ರೋಡೌನಿನ ಇಪ್ಪತ್ತು ಸೇರಿಸಿದರೆ ಮೊದಲಿನ ಮೂರು ಪಟ್ಟು. ಅಷ್ಟೇ ಜಾಗ, ಅಷ್ಟೇ ಜನ. ಬದಲಾದದ್ದು ವೇಳಾಪಟ್ಟಿ ಮಾತ್ರ.

ಇಷ್ಟು ಗೊತ್ತಿದ್ದವರು ಬರೆದರೆ ಅಡಿಬರಹ ಹೀಗಿರುತ್ತದೆ: ‘ಬೇಸಿಗೆ ಕ್ರಿಕೆಟ್ ಶಿಬಿರ, 20 ದಿನ. ಗರಿಷ್ಠ 60 ಮಕ್ಕಳು, 3 ನೆಟ್ಸ್, 3 ಕೋಚ್‌ಗಳು. ವಯಸ್ಸು ಸೆಪ್ಟೆಂಬರ್ 1ಕ್ಕೆ. 10ರೊಳಗಿನವರಿಗೆ 16 ಮೀಟರ್ ಪಿಚ್, ಚಿಕ್ಕ ಚೆಂಡು. ಪ್ರತಿ ಮಗುವಿಗೆ ದಿನಕ್ಕೆ ಕನಿಷ್ಠ 35 ಎಸೆತ. ಶುಲ್ಕ 7,500, ಟಿ-ಷರ್ಟ್ ಇಲ್ಲ. ಏಪ್ರಿಲ್ 11ರಂದು ಗುಂಪು ವಿಂಗಡಣೆ, ಎಲ್ಲರಿಗೂ ಪ್ರವೇಶ. ಮಳೆಗೆ ನೆಟ್ಸ್ ನೆನೆದರೆ ಆ ದಿನದ ಬದಲು ಶನಿವಾರ.’